ಊಟವಾಗುವವರೆಗೂ ಬೆಳಿಗ್ಗೆ

ಮೆಹಮೂದಾಳನ್ನು ನಾನು ಮೊದಲು ಕಂಡದ್ದು ೨೦೧೭ರ ಏಪ್ರಿಲ್ ಆರನೆಯ ತಾರೀಕು, ಗುರುವಾರ ಸಂಜೆ, ಜರ್ಮನಿಯ ಎಷ್‌ಬಾರ್ನಿನ ರೈಲು ನಿಲ್ದಾಣದಲ್ಲಿ. ನಾನು ಮೂರು ತಿಂಗಳ ವೀಸಾದ ಮೇಲೆ ಮಗ ಅಕ್ಷತನ ಮನೆಗೆ ಬಂದು ಮೂರು ದಿನವಾಗಿತ್ತಷ್ಟೆ. ಯಾವ ಬದಿಯ ರೈಲು ಹತ್ತಬೇಕೆಂದು ತಿಳಿಯದೆ ಅವನಿಗೆ ಫೋನು ಮಾಡಿ ಕೇಳುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತಲೆವಸ್ತ್ರ ಧರಿಸಿದ ಒಬ್ಬ ಹೆಣ್ಣುಮಗಳು ಕೈಯಲ್ಲಿ ಒಂದು ಕಾಗದ ಹಿಡಿದು ತುಟಿ ಅಲ್ಲಾಡಿಸುತ್ತ ಕುಳಿತಿದ್ದಳು. ಪ್ರಾರ್ಥನೆ ಮಾಡುತ್ತಿದ್ದಾಳೆಂದು ತಿಳಿದು ನಾನು ದನಿ ತಗ್ಗಿಸಿದೆ. ಫೋನು ಇಟ್ಟ ಕೂಡಲೇ ಅವಳು ತಿರುಗಿ, "ನೀವು ಉಡುಪಿ ಬದಿಯವರಾ?" ಎಂದು ಕೇಳಿದಳು. ಹೌದೆಂದೆ. "ನಾನು ಹೂಡೆಯವಳು" ಎಂದಳು. ಕಲ್ಯಾಣಪುರದ ಹೊಳೆಯ ಆಚೆಗಿನ ಹೂಡೆ. ನಾನು ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದ ಶಾಲೆಯಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಆ ಹೊತ್ತಿನಿಂದ ಅವಳಿಗೆ ನಾನು ಟೀಚರ್ ಆದೆ.

ಪ್ರಾರ್ಥನೆಯೆಂದು ನಾನು ತಿಳಿದದ್ದು ಪ್ರಾರ್ಥನೆಯಾಗಿರಲಿಲ್ಲ. ಕಾಗದದಲ್ಲಿ ಅವಳು ಕನ್ನಡ ಅಕ್ಷರದಲ್ಲಿಯೇ ಬರೆದುಕೊಂಡಿದ್ದಳು: ಬೊಂ ದಿಯಾ, ಬೊವಾ ತಾರ್ದ್, ಬೊವಾ ನೊಯ್ತ್. ಕೆಳಗೆ ಬ್ವೆನೊಸ್ ದೀಯಾಸ್, ಬ್ವೆನಾಸ್ ತಾರ್ದೆಸ್, ಬ್ವೆನಾಸ್ ನೋಚೆಸ್. ಮೊದಲಿನ ಮೂರು ಪೋರ್ಚುಗೀಸ್, ಮತ್ತಿನ ಮೂರು ಸ್ಪ್ಯಾನಿಶ್. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎದುರಾದವರಿಗೆ ಹೇಳುವ ಮಾತುಗಳು. ಅವಳ ಕೆಲಸವೇ ಅದಾಗಿತ್ತು.

ಕೆಲಸವನ್ನು ರೈಲಿನಲ್ಲಿ ಹೀಗೆ ವಿವರಿಸಿದಳು. ಅವಳ ಕಂಪನಿಯದು ಆಸ್ಪತ್ರೆಗಳಿಗೆ ಫೋನು ಎತ್ತುವ ಯಂತ್ರ ಮಾಡಿಕೊಡುವ ಉದ್ಯೋಗ. ರೋಗಿ ಕರೆ ಮಾಡಿದರೆ ಯಂತ್ರವೇ ನಮಸ್ಕಾರ ಹೇಳಿ, ಯಾವ ದಿನ ಯಾವ ಗಂಟೆಗೆ ಬರಬೇಕೆಂದು ಸಮಯ ಕೊಡುತ್ತದೆ. ಪೋರ್ಚುಗಲ್, ಸ್ಪೇನ್, ಬ್ರೆಜಿಲ್, ಮೆಕ್ಸಿಕೊ ದೇಶಗಳ ಹಲ್ಲಿನ ಆಸ್ಪತ್ರೆಗಳು ಹೊಸದಾಗಿ ಸೇರಿದ್ದವು. ಆ ಯಂತ್ರ ಯಾವಾಗ ಯಾವ ನಮಸ್ಕಾರ ಹೇಳಬೇಕೆಂಬ ಪಟ್ಟಿಯನ್ನು ತಯಾರಿಸುವ ಹೊಣೆ ಮೆಹಮೂದಾಳದು.

ಅವಳು ಬಂದು ಎರಡು ತಿಂಗಳಾಗಿತ್ತು. ಹೊರದೇಶದವರು ಅಲ್ಲಿ ಕೆಲಸ ಮಾಡಲು ಬೇಕಾದ ಪರವಾನಗಿ, ಬ್ಲೂ ಕಾರ್ಡ್, ಅವಳ ಹೆಸರಿನಲ್ಲಿತ್ತು. ಗಂಡ ಮುಜಾಹಿದ್ ಅವಳ ಜೊತೆಗೆ ಬಂದು ಜರ್ಮನ್ ತರಗತಿಗೆ ಹೋಗುತ್ತಿದ್ದ. ಮಗಳು ನೂರೈನ್ ಒಂದನೆಯ ತರಗತಿ. ಫೆಬ್ರವರಿಯಿಂದ ಜುಲೈ ಕೊನೆಯವರೆಗೆ ಆರು ತಿಂಗಳು ಪ್ರೊಬೆಟ್ಸೈಟ್, ಎಂದರೆ ಪರೀಕ್ಷೆಯ ಅವಧಿ. ಅಷ್ಟರೊಳಗೆ ಕಂಪನಿ ಬೇಡವೆಂದರೆ ಎರಡೇ ವಾರದ ನೋಟೀಸು. ಅನಂತರ ಬೇರೆ ಕೆಲಸ ಹುಡುಕಲು ಮೂರು ತಿಂಗಳು, ಸಿಗದಿದ್ದರೆ ಮೂವರೂ ವಾಪಸು. ಇದನ್ನೆಲ್ಲ ಅವಳು ದೂರಿನಂತೆ ಹೇಳಲಿಲ್ಲ. ಬಸ್ಸಿನ ವೇಳಾಪಟ್ಟಿ ಹೇಳಿದಂತೆ ಹೇಳಿದಳು.

ಅವಳ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಶನಿವಾರಗಳಲ್ಲಿ ಬರತೊಡಗಿದಳು. ನೂರೈನ್‌ಗೆ ನಾನು ಕನ್ನಡ ಅಕ್ಷರ ಬರೆಯಿಸುತ್ತಿದ್ದೆ. ಅವಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಶಾಲೆಯಲ್ಲಿ ಎರಡೇ ತಿಂಗಳಲ್ಲಿ ಕಲಿತ ಹರುಕು ಜರ್ಮನಿನಲ್ಲಿ ಉತ್ತರಿಸುತ್ತಿದ್ದಳು. ಆದರೂ ಬರೆಯುತ್ತಿದ್ದಳು.

ವ್ಯಾಕರಣದ ಹುಚ್ಚಿರುವ ನನಗೆ ಮೆಹಮೂದಾಳ ಕಾಗದ ಹಬ್ಬವಾಯಿತು. ಪೋರ್ಚುಗೀಸರು ಒಂದೇ ದಿನವನ್ನು ಹಾರೈಸುತ್ತಾರೆ, ಏಕವಚನ. ಸ್ಪ್ಯಾನಿಶರು ಬಹುವಚನದಲ್ಲಿ ಹಾರೈಸುತ್ತಾರೆ, 'ಒಳ್ಳೆಯ ದಿನಗಳು' ಎಂಬಂತೆ. ದಿನ ಎಂಬ ಪದ ಸಾಮಾನ್ಯವಾಗಿ ಸ್ತ್ರೀಲಿಂಗದ ಗುರುತಾದ 'ಆ'ಕಾರದಲ್ಲಿ ಮುಗಿದರೂ ಎರಡರಲ್ಲಿಯೂ ಪುಲ್ಲಿಂಗ. ಆದ್ದರಿಂದ ಬೊಂ, ಬ್ವೆನೊಸ್. ಮಧ್ಯಾಹ್ನವೂ ರಾತ್ರಿಯೂ ಸ್ತ್ರೀಲಿಂಗ. ಆದ್ದರಿಂದ ಬೊವಾ, ಬ್ವೆನಾಸ್. ಇನ್ನೊಂದು ವಿಷಯ ನನಗೆ ಹೊಸದು. ನಮ್ಮಲ್ಲಿ ಇಂಗ್ಲಿಷ್ ಕಲಿತವರು ಗುಡ್ ನೈಟ್ ಎನ್ನುವುದು ಹೊರಡುವಾಗ. ಪೋರ್ಚುಗೀಸರು ಬೊವಾ ನೊಯ್ತ್ ಎನ್ನುವುದು ಬಂದಾಗಲೂ ಉಂಟು, ಹೊರಡುವಾಗಲೂ ಉಂಟು. ಮೆಹಮೂದಾ ಇದನ್ನರಿಯದೆ ರಾತ್ರಿಯ ಕರೆಗಳಿಗೆ ಆರಂಭದಲ್ಲಿ ನಮಸ್ಕಾರವನ್ನೇ ಇಡದೆ ಕೊನೆಯಲ್ಲಿ ಇಟ್ಟಿದ್ದಳಂತೆ. ಅದನ್ನು ತಿದ್ದಿದವರು ಅವರ ಆಫೀಸಿನ ಕಂಟೀನಿನಲ್ಲಿ ಊಟ ಬಡಿಸುವ ಲುರ್ದೆಸ್ ಎಂಬ ಹೆಂಗಸು. ಪೋರ್ಚುಗಲ್ಲಿನ ಬ್ರಾಗಾ ಊರಿನವರು, ಮೂವತ್ತು ವರ್ಷದಿಂದ ಜರ್ಮನಿಯಲ್ಲಿದ್ದವರು.

ಏಪ್ರಿಲ್ ಕೊನೆಯ ಶನಿವಾರ ಮೆಹಮೂದಾ ಲ್ಯಾಪ್‌ಟಾಪ್ ಹಿಡಿದು ನಮ್ಮ ಅಡುಗೆಮನೆಗೆ ಬಂದಳು. ಪಟ್ಟಿಯಲ್ಲಿ ಎರಡು ಚೌಕಗಳು ಖಾಲಿ ಇದ್ದವು. ಬೆಳಿಗ್ಗೆ ಎಷ್ಟು ಗಂಟೆಗೆ ಮುಗಿಯಬೇಕು, ರಾತ್ರಿ ಎಷ್ಟಕ್ಕೆ ಆರಂಭವಾಗಬೇಕು. ಕಂಪನಿ ಕೊಟ್ಟ ಕಾಗದದಲ್ಲಿ 'ರೂಢಿಯಂತೆ' ಎಂದಷ್ಟೇ ಇತ್ತು.

"ಹನ್ನೆರಡರ ನಂತ್ರ ಆಫ್ಟರ್‌ನೂನ್ ಅಲ್ಲವಾ ಟೀಚರ್?" ಎಂದು ಕೇಳಿದಳು.

ಅದರಲ್ಲಿ ಅನುಮಾನವೇ ಇಲ್ಲ ಎಂದೆ. ನಮ್ಮ ಶಾಲೆಯಲ್ಲಿ ಹನ್ನೆರಡರ ಗಂಟೆ ಬಾರಿಸಿದ ಮೇಲೆ ಯಾವ ಮಗು ಗುಡ್ ಮಾರ್ನಿಂಗ್ ಎಂದರೂ ನಾನು ತಿದ್ದುತ್ತಿದ್ದೆ. ರಾತ್ರಿಯದು ಎಷ್ಟಕ್ಕೆ ಎಂದಳು. ಆರಕ್ಕೆ ಹಾಕು, ದೀಪ ಹಚ್ಚುವ ಹೊತ್ತು ಎಂದೆ. ಅವಳು ತಲೆಯಾಡಿಸಿದಳು. "ನಮ್ಮಲ್ಲೂ ಸಂಜೆಯ ಮಗ್ರಿಬ್ ಬಾಂಗ್ ಅಷ್ಟೊತ್ತಿಗೇ ಅಲ್ಲವಾ, ಆರೂಕಾಲು ಆರೂವರೆ" ಎಂದು ಎರಡೂ ಚೌಕ ತುಂಬಿದಳು. ನಾಲ್ಕು ದೇಶಕ್ಕೂ ಹನ್ನೆರಡು ಮತ್ತು ಆರು. ಉಡುಪಿಯಲ್ಲಿ ವರ್ಷವಿಡೀ ಸೂರ್ಯ ಆರರಿಂದ ಏಳರೊಳಗೆ ಮುಳುಗುತ್ತಾನೆ. ನಾವಿಬ್ಬರೂ ಹುಟ್ಟಿ ಬೆಳೆದಲ್ಲಿ ಕಂಡದ್ದು ಅದೊಂದೇ ಸಂಜೆ. ಇಲ್ಲಿ ಎಂಟು ಗಂಟೆಗೂ ಬೆಳಕಿರುವುದನ್ನು ದಿನವೂ ನೋಡುತ್ತಿದ್ದರೂ, ಬೇರೆ ಸಂಜೆಗಳಿರಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ.

ಜೂನ್ ಆರನೆಯ ತಾರೀಕು ಮ್ಯಾಡ್ರಿಡಿನ ಆಸ್ಪತ್ರೆಗಳಿಂದ ದೂರು ಬಂತು. ಹನ್ನೆರಡೂ ಕಾಲಿಗೆ, ಅವರಿಗೆ ಇನ್ನೂ ಬೆಳಿಗ್ಗೆ ಮುಗಿಯದ ಹೊತ್ತಿನಲ್ಲಿ, ಕರೆ ಮಾಡಿದವರಿಗೆ ಯಂತ್ರ ಬ್ವೆನಾಸ್ ತಾರ್ದೆಸ್ ಎನ್ನುತ್ತದೆ. ಸಂಜೆ ಆರಕ್ಕೆ, ಬೀದಿಯಲ್ಲಿ ಬಿಸಿಲು ಸುಡುತ್ತಿರುವಾಗ, ಬ್ವೆನಾಸ್ ನೋಚೆಸ್ ಎನ್ನುತ್ತದೆ. ನಗುವ ವಿಷಯವಾಗಿದ್ದರೆ ನಕ್ಕು ಬಿಡುತ್ತಿದ್ದರೋ ಏನೋ. ಆದರೆ ವಯಸ್ಸಾದ ರೋಗಿಗಳು ಯಂತ್ರದ ಗಡಿಯಾರವೇ ಕೆಟ್ಟಿದೆ ಎಂದುಕೊಂಡರು. ಗಡಿಯಾರ ಕೆಟ್ಟ ಯಂತ್ರ ಕೊಟ್ಟ ಸಮಯವನ್ನು ನಂಬುವುದು ಹೇಗೆ? ಸ್ವಾಗತದ ಮೇಜಿಗೆ ಮತ್ತೆ ಕರೆ ಮಾಡಿ, ನನ್ನ ಸಮಯ ನಿಜವಾಗಿ ಹತ್ತೂವರೆಗೋ ಎಂದು ಕೇಳತೊಡಗಿದರು. ಯಂತ್ರ ಉಳಿಸಬೇಕಾದ ಕೆಲಸ ಎರಡರಷ್ಟಾಯಿತು.

ಮೆಹಮೂದಾಳ ಮೇಲಧಿಕಾರಿ ಫ್ರಾವ್ ಬ್ರಾಂಡಲ್ ಕೂಗಾಡುವ ಹೆಂಗಸಲ್ಲ. ಜೂನ್ ಇಪ್ಪತ್ತೆರಡಕ್ಕೆ ಮ್ಯಾಡ್ರಿಡಿನವರ ಎದುರಿಗೆ ಯಂತ್ರವನ್ನು ಮತ್ತೆ ಪರೀಕ್ಷಿಸುವುದೆಂದೂ, ಪರೀಕ್ಷಾವಧಿಯ ತೀರ್ಮಾನವನ್ನು ಅದರ ಮರುದಿನ ಬರೆಯುವುದೆಂದೂ ತಿಳಿಸಿದರಷ್ಟೆ. ಹದಿನಾರು ದಿನ.

ಸುದ್ದಿ ಕೇಳಿ ನಾನು ಚಪ್ಪಲಿ ಮೆಟ್ಟಿ ಹೊರಟೆ. ಹನ್ನೆರಡು ಮತ್ತು ಆರು ನನ್ನ ಬಾಯಿಂದ ಬಂದದ್ದು. ಅವಳ ಮನೆಗೆ ಹೋಗಿ, ನಿಮ್ಮ ಮೇಡಮ್ಮಿಗೆ ನಾನೇ ಬಂದು ಹೇಳುತ್ತೇನೆ, ತಪ್ಪು ಹೇಳಿಕೊಟ್ಟದ್ದು ನಾನು ಎಂದೆ. ಮೆಹಮೂದಾ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಎಂತ ಟೀಚರ್ ನೀವು. ಕೇಳಿದ್ದು ನಾನು, ಬರೆದದ್ದು ನಾನು. ನಿಮ್ಮತ್ರ ಮಾತ್ರ ಕೇಳಿದ್ದು ನನ್ನ ತಪ್ಪು. ಅಲ್ಲಿ ದಿನಾ ಹಲೋ ಹೇಳುವವರತ್ರ ಕೇಳ್ಬೇಕಿತ್ತು."

ಇಷ್ಟೇ. ಆಮೇಲೆ ಎಂದೂ ಅವಳು ಆ ಮಾತೆತ್ತಲಿಲ್ಲ. ನಾನು ಎಷ್ಟೋ ಮಕ್ಕಳನ್ನು ಬೇರೆಯವರು ಮಾಡಿದ ತಪ್ಪಿಗೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆ ದಿನ ಅವಳಿಂದ ಕಲಿತದ್ದನ್ನು ಮೂವತ್ತು ವರ್ಷ ಮೊದಲು ಕಲಿತಿದ್ದರೆ ಎನಿಸಿತು.

ಅದು ರಂಜಾನ್ ತಿಂಗಳು. ಆ ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಒಂಬತ್ತೂವರೆ ದಾಟಿದ ಮೇಲೆ. ಮೆಹಮೂದಾ ಅಷ್ಟು ಹೊತ್ತೂ ಹನಿ ನೀರು ಕುಡಿಯದೆ ಇರುತ್ತಿದ್ದಳು. ದಿನವೂ ಸೂರ್ಯನನ್ನು ಕಾಯುತ್ತಿದ್ದವಳೇ ಯಂತ್ರಕ್ಕೆ ಆರು ಗಂಟೆಯ ರಾತ್ರಿ ಬರೆದಿದ್ದಳೆಂಬುದನ್ನು ನೆನೆದು ತಾನೇ ನಗುತ್ತಿದ್ದಳು.

ಉಪವಾಸವಿದ್ದರೂ ಮಧ್ಯಾಹ್ನ ಸಹೋದ್ಯೋಗಿಗಳ ಜೊತೆ ಕಂಟೀನಿಗೆ ಹೋಗಿ ಕುಳಿತುಕೊಳ್ಳುವುದು ಅವಳ ಪದ್ಧತಿ. ಜರ್ಮನರು ಆ ಹೊತ್ತಿಗೆ ಪಡಸಾಲೆಯಲ್ಲಿ ಎದುರಾದರೆ ಮಾಲ್‌ಟ್ಸೈಟ್ ಎನ್ನುತ್ತಾರೆ, ಊಟದ ಹೊತ್ತು ಎಂದು. ಅದೇ ಅವರ ನಮಸ್ಕಾರ. ದೂರು ಬಂದ ಮೂರನೆಯ ದಿನ, ಗಂಟೆ ಒಂದಾಗುತ್ತ ಬಂದಿದ್ದಾಗ, ಲುರ್ದೆಸ್ ತಟ್ಟೆ ಒರೆಸುತ್ತ ಅವಳಿಗೆ ಬೊಂ ದಿಯಾ ಎಂದರು. ಅವಳ ಹಿಂದೆ ಊಟ ಮುಗಿಸಿ ಹೊರಟ ಇನ್ನೊಬ್ಬ ಪೋರ್ಚುಗೀಸನಿಗೆ ಬೊವಾ ತಾರ್ದ್ ಎಂದರು. ಒಂದೇ ನಿಮಿಷದಲ್ಲಿ ಒಬ್ಬಳಿಗೆ ಬೆಳಿಗ್ಗೆ, ಒಬ್ಬನಿಗೆ ಮಧ್ಯಾಹ್ನ. ಮೆಹಮೂದಾ ಯಾಕೆ ಹೀಗೆಂದು ಕೇಳಿದಳು.

ಲುರ್ದೆಸ್ ತಮ್ಮ ಮುರುಕು ಜರ್ಮನಿನಲ್ಲಿ ಹೇಳಿದರಂತೆ, ಅವನು ಉಂಡಿದ್ದಾನೆ, ನೀನು ಉಂಡಿಲ್ಲ. ಗಡಿಯಾರದ ಪ್ರಕಾರ ಹನ್ನೆರಡಕ್ಕೆ ಬದಲಾಗುತ್ತದೆ, ಟಿವಿಯವರು ಹಾಗೆಯೇ ಹೇಳುತ್ತಾರೆ. ಆದರೆ ಮನೆಯಲ್ಲಿ, ಅಂಗಡಿಯಲ್ಲಿ, ಊಟವಾದ ಮೇಲೆಯೇ ಮಧ್ಯಾಹ್ನ. ಹಾಗಾದರೆ ನನಗೆ ರಾತ್ರಿ ಒಂಬತ್ತೂವರೆವರೆಗೂ ಬೆಳಿಗ್ಗೆಯೋ ಎಂದು ಇವಳು ಕೇಳಿದ್ದಕ್ಕೆ ಲುರ್ದೆಸ್ ಹೊಟ್ಟೆ ಹಿಡಿದು ನಕ್ಕರಂತೆ. ಮರುದಿನದಿಂದ ಉಪವಾಸ ಮುಗಿಯುವ ತನಕ, ಸಂಜೆ ಐದಕ್ಕೆ ಎದುರಾದರೂ ಅವಳಿಗೆ ಬೊಂ ದಿಯಾ ಎಂದೇ ಹೇಳಿದರು.

ಅಲ್ಲಿಂದ ಮೆಹಮೂದಾಳಿಗೆ ದಾರಿ ಕಂಡಿತು. ಎಲ್ಲರ ಊಟದ ಹೊತ್ತು ಒಂದೇ ಅಲ್ಲ. ಸ್ಪೇನಿನವರು ಉಣ್ಣುವುದು ಎರಡು ಗಂಟೆಯ ಸುಮಾರಿಗೆ. ಇದನ್ನು ಪುಸ್ತಕದಿಂದ ತೆಗೆದು ಬರೆದರೆ ಮತ್ತೆ ಅದೇ ತಪ್ಪಾದೀತೆಂದು ಅವಳು ಬೇರೆ ಉಪಾಯ ಮಾಡಿದಳು. ನಾಲ್ಕು ದೇಶಗಳ ಐವತ್ತಾರು ಆಸ್ಪತ್ರೆಗಳ ಸ್ವಾಗತಕಾರಿಣಿಯರಿಗೆ ಪತ್ರ ಬರೆದು, ಐದು ದಿನ ಒಂದು ಚಿಕ್ಕ ಕೆಲಸ ಮಾಡಿಕೊಡಬೇಕೆಂದು ಕೇಳಿಕೊಂಡಳು. ಈ ದಿನ ಮೊದಲ ಬಾರಿ ನಿಮ್ಮ ಬಾಯಿಂದ 'ಮಧ್ಯಾಹ್ನ'ದ ನಮಸ್ಕಾರ ಬಂದದ್ದು ಎಷ್ಟು ಗಂಟೆಗೆ? 'ರಾತ್ರಿ'ಯದು ಎಷ್ಟಕ್ಕೆ? ಚಳಿಗಾಲದಲ್ಲಾದರೆ ಯಾವಾಗ? ಯೋಚಿಸಬೇಡಿ, ಹೇಳಿದ ಮೇಲೆ ಗಡಿಯಾರ ನೋಡಿ ಬರೆಯಿರಿ, ಎಂದು. ನಲವತ್ತೊಂದು ಮಂದಿ ಬರೆದು ಕಳುಹಿಸಿದರು. ಗುರುತು ಪರಿಚಯವಿಲ್ಲದ ಆ ನಲವತ್ತೊಂದು ಹೆಣ್ಣುಮಕ್ಕಳಿಗೆ ನಾನು ಈಗಲೂ ಋಣಿ.

ಆ ಕಾಗದಗಳನ್ನು ನಮ್ಮ ಊಟದ ಮೇಜಿನ ಮೇಲೆ ಹರಡಿ ನಾನೂ ಅವಳೂ ದೇಶವಾರು ವಿಂಗಡಿಸಿದೆವು. ನೋಡುತ್ತ ಹೋದಂತೆ ನನ್ನ ಹನ್ನೆರಡರ ಗಂಟೆ ಮಾಯವಾಗುತ್ತ ಹೋಯಿತು. ಬ್ರೆಜಿಲಿನವರು ಮಾತ್ರ ನನ್ನ ಶಿಷ್ಯರಂತೆ ಇದ್ದರು. ಹನ್ನೆರಡಾಯಿತೆಂದರೆ ಬೊವಾ ತಾರ್ದ್, ಸಂಜೆ ಆರರ ಸುಮಾರಿಗೆ ಬೊವಾ ನೊಯ್ತ್. ಅವರ ಊರಿನಲ್ಲಿ ಆಗ ಚಳಿಗಾಲ, ಐದೂವರೆಗೇ ಸೂರ್ಯ ಮುಳುಗುತ್ತಿದ್ದ. ಅಭ್ಯಾಸಬಲದಿಂದ ಹನ್ನೆರಡೂ ಐದಕ್ಕೆ ಬೆಳಗಿನ ನಮಸ್ಕಾರ ಬಾಯಿಗೆ ಬಂದರೆ ನಡುವೆಯೇ ತಿದ್ದಿಕೊಂಡು ನಗುತ್ತೇವೆಂದು ಒಬ್ಬಾಕೆ ಬರೆದಿದ್ದಳು. ಮೆಕ್ಸಿಕೊದವರೂ ಹನ್ನೆರಡಕ್ಕೇ ಬದಲಾಗುವವರು. ರಾತ್ರಿಯ ನಮಸ್ಕಾರ ಅವರಿಗೆ ಕತ್ತಲಾಗುತ್ತ ಬಂದಾಗ, ಏಳು ಎಂಟರ ನಡುವೆ. ಪೋರ್ಚುಗಲ್ಲಿನವರಲ್ಲಿ ಹನ್ನೆರಡರಿಂದ ಒಂದರವರೆಗೆ ಎರಡೂ ಬಗೆಯವರಿದ್ದರು. ಸ್ಪೇನಿನವರಲ್ಲಿ ಒಂದೂವರೆಯವರೆಗೆ ಹೆಚ್ಚುಕಡಿಮೆ ಎಲ್ಲರೂ ಬ್ವೆನೊಸ್ ದೀಯಾಸ್ ಎನ್ನುವವರೇ. ಎರಡೂವರೆಯ ನಂತರ ಎಲ್ಲರೂ ಬ್ವೆನಾಸ್ ತಾರ್ದೆಸ್. ನಡುವಿನ ಒಂದು ಗಂಟೆ ಒಬ್ಬೊಬ್ಬರದು ಒಂದೊಂದು. ಆ ಹೊತ್ತಿನಲ್ಲಿ ಹಲವರು ದಿನವೂ ಅಲ್ಲದ ಮಧ್ಯಾಹ್ನವೂ ಅಲ್ಲದ ಬರಿಯ 'ಬ್ವೆನಾಸ್' ಎಂದು ಮುಗಿಸುತ್ತಾರಂತೆ.

ರಾತ್ರಿಯ ಲೆಕ್ಕ ಇನ್ನೂ ಸೂಕ್ಷ್ಮವಾಗಿತ್ತು. ಬೇಸಿಗೆಯಲ್ಲಿ ಮ್ಯಾಡ್ರಿಡಿನ ಸೂರ್ಯ ಒಂಬತ್ತೂ ಮುಕ್ಕಾಲರವರೆಗೆ ಇರುತ್ತಾನೆ, ಅಲ್ಲಿಯವರೆಗೂ ತಾರ್ದೆಸ್. ಹಾಗಾದರೆ ಸೂರ್ಯ ಮುಳುಗಿದ್ದೇ ರಾತ್ರಿ ಎಂದು ಬರೆದುಬಿಡು ಎಂದೆ. ಮೆಹಮೂದಾ ಒಪ್ಪಲಿಲ್ಲ. ಅಷ್ಟರಲ್ಲಿ ಅವಳು ನನ್ನನ್ನು ಒಪ್ಪದಿರುವುದನ್ನು ಕಲಿತಿದ್ದಳು. ಡಿಸೆಂಬರಿನಲ್ಲಿ ಅಲ್ಲಿ ಆರಕ್ಕೆ ಮೊದಲೇ ಕತ್ತಲು. ಆದರೆ ಸ್ವಾಗತಕಾರಿಣಿಯರು ಚಳಿಗಾಲದಲ್ಲಿಯೂ ಎಂಟರವರೆಗೆ ತಾರ್ದೆಸ್ ಎನ್ನುತ್ತೇವೆಂದು ಬರೆದಿದ್ದರು. ಕತ್ತಲಾದರೂ ಕೆಲಸ ಮುಗಿದಿಲ್ಲ, ರಾತ್ರಿಯೂಟ ದೂರವಿದೆ, ಹಾಗಾದ ಮೇಲೆ ರಾತ್ರಿ ಎಲ್ಲಿಂದ ಬಂತು? ಬ್ರಾಗಾದಲ್ಲಿಯೂ ಏಳರ ತನಕ ಹಾಗೆಯೇ ಎಂದು ಲುರ್ದೆಸ್ ಹೇಳಿದರು. ಆದ್ದರಿಂದ ಅವಳು ಎರಡು ಷರತ್ತು ಇಟ್ಟಳು. ಸೂರ್ಯನೂ ಮುಳುಗಿರಬೇಕು, ಗಂಟೆಯೂ ಆಗಿರಬೇಕು. ಸ್ಪೇನಿಗೆ ಎಂಟು, ಪೋರ್ಚುಗಲ್ಲಿಗೆ ಏಳು. ಎರಡರಲ್ಲಿ ಯಾವುದು ತಡವೋ ಅದೇ ಲೆಕ್ಕ. ಪೋರ್ಚುಗಲ್ಲಿನ ಗಡಿಯಾರ ಜರ್ಮನಿಗಿಂತ ಒಂದು ಗಂಟೆ ಹಿಂದೆ, ಸ್ಪೇನಿನದು ಸಮ, ಆದರೆ ಸ್ಪೇನಿನದೇ ಕ್ಯಾನರಿ ದ್ವೀಪಗಳು ಒಂದು ಗಂಟೆ ಹಿಂದೆ. ಅದನ್ನೂ ಸೇರಿಸಿದಳು.

ಉಳಿದದ್ದು ನಡುವಿನ ಆ ಒಂದು ಗಂಟೆ. ಏನು ಮಾಡುತ್ತೀ ಎಂದು ಕೇಳಿದೆ.

"ಸುಮ್ಮನಿರುತ್ತದೆ" ಎಂದಳು. "ಆಸ್ಪತ್ರೆ ಹೆಸರು ಹೇಳಿ, ಏನು ಬೇಕಿತ್ತು ಅಂತ ಕೇಳ್ತದೆ, ಅಷ್ಟೇ. ಅವರಿಗೇ ಗೊತ್ತಿಲ್ಲದ್ದು ನಮ್ಮ ಮಿಷನ್‌ಗೆ ಯಾಕೆ ಗೊತ್ತಿರ್ಬೇಕು ಟೀಚರ್?"

ಜೂನ್ ಇಪ್ಪತ್ತೆರಡರ ಸಂಗತಿಯನ್ನು ಅವಳು ಆ ಸಂಜೆಯೇ ಬಂದು ಹೇಳಿದಳು. ಫ್ರಾವ್ ಬ್ರಾಂಡಲ್ ಅವರ ಕೋಣೆ. ಮ್ಯಾಡ್ರಿಡಿನ ಆಸ್ಪತ್ರೆಗಳ ಪರವಾಗಿ ಅರಾಂಚಾ ಎಂಬ ಹಿರಿಯ ಮಹಿಳೆ ಸ್ಪೀಕರ್ ಫೋನಿನಲ್ಲಿ. ಯಂತ್ರದ ಗಡಿಯಾರವನ್ನು ಬೇಕಾದ ಹೊತ್ತಿಗೆ ತಿರುಗಿಸಿ ಕರೆ ಮಾಡುವುದು, ಏನೆನ್ನುತ್ತದೆಂದು ಕೇಳುವುದು. ಹನ್ನೆರಡೂ ಕಾಲು, ಬ್ವೆನೊಸ್ ದೀಯಾಸ್. ಎರಡು ಗಂಟೆ, ನಮಸ್ಕಾರವಿಲ್ಲ, ಆಸ್ಪತ್ರೆಯ ಹೆಸರು ಮಾತ್ರ. ಮೂರು ಗಂಟೆ, ತಾರ್ದೆಸ್. ಜೂನಿನ ಒಂಬತ್ತು ಗಂಟೆ, ಇನ್ನೂ ತಾರ್ದೆಸ್. ಹತ್ತು ಗಂಟೆ, ನೋಚೆಸ್. ಅಷ್ಟೂ ಸರಿಯಾದ ಮೇಲೆ ಫ್ರಾವ್ ಬ್ರಾಂಡಲ್ ತಾವೇ ಗಡಿಯಾರವನ್ನು ಡಿಸೆಂಬರ್ ಇಪ್ಪತ್ತೆರಡಕ್ಕೆ, ಸಂಜೆ ಏಳಕ್ಕೆ ತಿರುಗಿಸಿದರು. ಯಂತ್ರ ಬ್ವೆನಾಸ್ ತಾರ್ದೆಸ್ ಎಂದಿತು.

ಫ್ರಾವ್ ಬ್ರಾಂಡಲ್ ಪೆನ್ನು ಕೆಳಗಿಟ್ಟರು. ಆ ಹೊತ್ತಿಗೆ ಅಲ್ಲಿ ಒಂದು ಗಂಟೆಯಿಂದ ಕತ್ತಲಾಗಿರುತ್ತದಲ್ಲ ಎಂದರು. ಮೆಹಮೂದಾ ಷರತ್ತು ವಿವರಿಸಲು ಪಟ್ಟಿಯನ್ನು ಅವರ ಕಡೆಗೆ ತಿರುಗಿಸಿದಳು.   

ಅಷ್ಟರಲ್ಲಿ ಫೋನಿನಿಂದ ಅರಾಂಚಾ ಅವರ ದನಿ ಬಂತು. ಆ ದಿನ ಆ ಹೊತ್ತಿನಲ್ಲಿ ನಾನು ಅಂಗಡಿಯಲ್ಲಿರುತ್ತೇನೆ, ಅಂಗಡಿಯವನಿಗೆ ಬ್ವೆನಾಸ್ ತಾರ್ದೆಸ್ ಎಂದೇ ಹೇಳುತ್ತೇನೆ, ಎಂದರು. ನಿಮ್ಮ ಯಂತ್ರವನ್ನು ಈಗ ನಮ್ಮೂರಿನವರು ಬೆಳೆಸಿದ ಹಾಗಿದೆ ಎಂದರು. ಇದನ್ನು ಮಾಡಿದವರು ಯಾರು, ಸ್ಪೇನಿನಲ್ಲಿ ಎಷ್ಟು ವರ್ಷ ಇದ್ದವರು ಎಂದು ಕೇಳಿದರು. ಫ್ರಾವ್ ಬ್ರಾಂಡಲ್ ಮೆಹಮೂದಾಳ ಕಡೆಗೆ ತಿರುಗಿದರು. ಒಂದು ದಿನವೂ ಇದ್ದವಳಲ್ಲ ಎಂದು ಮೆಹಮೂದಾ ಹೇಳಿದಳು. ನಲವತ್ತೊಂದು ಮಂದಿ ಹೇಳಿಕೊಟ್ಟರು, ಅವರ ಹೆಸರುಗಳು ಪಟ್ಟಿಯ ಕೊನೆಯಲ್ಲಿವೆ ಎಂದಳು. ಲುರ್ದೆಸ್ ಹೆಸರು ಎಲ್ಲಕ್ಕಿಂತ ಮೇಲಿತ್ತು.

ಮರುದಿನ, ಪರೀಕ್ಷಾವಧಿ ಮುಗಿಯಲು ಐದು ವಾರವಿರುವಾಗಲೇ, ಕೆಲಸ ಖಾಯಂ ಎಂಬ ಪತ್ರ ಅವಳ ಕೈಗೆ ಬಂತು. ಭಾನುವಾರ ಈದ್. ನಮ್ಮನ್ನು ಊಟಕ್ಕೆ ಕರೆದಿದ್ದಳು. ನಾನು ಮಾಂಸ ತಿನ್ನುವವಳಲ್ಲವೆಂದು ನನಗಾಗಿ ಹೊಸ ಪಾತ್ರೆಯಲ್ಲಿ ಶ್ಯಾವಿಗೆ ಪಾಯಸ ಮಾಡಿದ್ದಳು. ಮುಜಾಹಿದ್ ಬಡಿಸಿದ. ಲುರ್ದೆಸ್ ಕೂಡ ಬಂದಿದ್ದರು. ನಮ್ಮಿಬ್ಬರಿಗೂ ಬರುವ ಒಂದು ಭಾಷೆಯೂ ಇರಲಿಲ್ಲ. ಕೈಹಿಡಿದು ಕುಳಿತಿದ್ದೆವು. ಮೂರು ದಿನದ ನಂತರ ನಾನು ಊರಿಗೆ ಹೊರಟೆ.

ಆಮೇಲೆ ಎರಡು ಬಾರಿ ಹೋಗಿಬಂದೆ. ಮುಜಾಹಿದನಿಗೆ ಫ್ರಾಂಕ್‌ಫರ್ಟಿನಲ್ಲಿ ಕೆಲಸ ಸಿಕ್ಕಿತು. ಮೆಹಮೂದಾ ಬ್ಲೂ ಕಾರ್ಡಿನಿಂದ ಖಾಯಂ ವಾಸದ ಪರವಾನಗಿಗೆ ದಾಟಿದಳು. ನೂರೈನ್ ಈಗ ನನಗಿಂತ ಎತ್ತರ. ಫೋನಿನಲ್ಲಿ ಕನ್ನಡದಲ್ಲಿಯೇ ಮಾತು ಆರಂಭಿಸಿ, ಮೂರನೆಯ ವಾಕ್ಯಕ್ಕೆ ಜರ್ಮನ್ ಭಾಷೆಗೆ ಇಳಿಯುತ್ತಾಳೆ.

ಮೆಹಮೂದಾಳ ಕೈಕೆಳಗೆ ಈಗ ಆರು ಜನರಿದ್ದಾರೆ. ಹೊಸ ದೇಶವೊಂದು ಸೇರಿದಾಗಲೆಲ್ಲ ಅವರು ಮಾಡುವ ಮೊದಲ ಕೆಲಸ ಪಟ್ಟಿ ತುಂಬುವುದಲ್ಲ, ಅಲ್ಲಿ ಫೋನು ಎತ್ತುವವರಿಗೆ ಪತ್ರ ಬರೆಯುವುದು. ಹೋದ ವಾರ ಕರೆ ಮಾಡಿದಾಗ ಅರ್ಜೆಂಟೀನಾದ ಕೆಲಸ ನಡೆಯುತ್ತಿದೆ ಎಂದಳು. ಅಲ್ಲಿಯವರು ಸ್ಪ್ಯಾನಿಶ್ ಆಡಿದರೂ ಬೆಳಿಗ್ಗೆ ಏಕವಚನದಲ್ಲಿ 'ಬ್ವೆನ್ ದೀಯಾ' ಎನ್ನುವವರು ಬಹಳವಂತೆ. ದಕ್ಷಿಣದ ತುದಿಯ ಒಂದು ಊರಿನಲ್ಲಿ ಬೇಸಿಗೆಯ ಸೂರ್ಯ ರಾತ್ರಿ ಹತ್ತರವರೆಗೂ ಇರುತ್ತಾನಂತೆ. ಅಲ್ಲಿನ ಸ್ವಾಗತಕಾರಿಣಿಯರಿಂದ ಇನ್ನೂ ಹನ್ನೊಂದು ಉತ್ತರ ಬರಬೇಕಾಗಿದೆ. ಅವಳು ಕಾಯುತ್ತಿದ್ದಾಳೆ.